ಅಂಕಪಟ್ಟಿಯ ಎರಡು ವರ್ಷ ಯಾವ ದಿನಕ್ಕೆ ಮುಗಿಯುತ್ತದೆ?

ಪ್ರಶ್ನೆ: ನಾನು ಶಿವಮೊಗ್ಗದವಳು, ಬೆಂಗಳೂರಿನಲ್ಲಿ ನಾಲ್ಕು ವರ್ಷಗಳಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಓದಿರುವುದು ಬಿ.ಇ., ಅವಿವಾಹಿತೆ. 2024ರ ನವೆಂಬರ್ 23ರಂದು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಜನರಲ್ ಬಗೆಯನ್ನು ಬರೆದೆ: ಲಿಸನಿಂಗ್ 8, ರೀಡಿಂಗ್ 7.5, ರೈಟಿಂಗ್ 6.5, ಸ್ಪೀಕಿಂಗ್ 7. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಕಾಯಂ ವಲಸೆಗಾಗಿ ಹಾಕಿದ ಪ್ರೊಫೈಲ್ ಇದೆ, ಅರ್ಜಿ ಸಲ್ಲಿಸಲು ಆಹ್ವಾನ ಬಂದಿಲ್ಲ. ಅದು ಬಾರದಿದ್ದರೆ 2027ರ ಸೆಪ್ಟೆಂಬರ್‌ಗೆ ಅಲ್ಲಿಯೇ ಮಾಸ್ಟರ್ಸ್ ಮಾಡುವ ಯೋಚನೆಯೂ ಇದೆ. ಎರಡಕ್ಕೂ ಈ ಅಂಕಪಟ್ಟಿ ಸಾಕೇ? ಅದನ್ನು ಯಾರು ಕಳುಹಿಸಬೇಕು? ಮತ್ತೆ ಬರೆಯುವುದಾದರೆ ಯಾವಾಗ ಬರೆಯಲಿ? ಈಗ 2026ರ ಜೂನ್ ಮುಗಿಯುತ್ತಿದೆ.

ಉತ್ತರ: ವಿಶ್ವವಿದ್ಯಾಲಯಕ್ಕೆ ಇದು ಈಗಲೂ ನಡೆಯುವುದಿಲ್ಲ. ವಲಸೆಗೆ ನವೆಂಬರ್‌ವರೆಗೆ ನಡೆಯುತ್ತದೆ, ಆದರೆ ಇದನ್ನೇ ನೆಚ್ಚಿ ಕುಳಿತರೆ ನಿಮಗೆ ನಷ್ಟ. ಎರಡು ಪರೀಕ್ಷೆ ಬರೆಯಬೇಕಾಗುತ್ತದೆ. ಖರ್ಚು ಹೆಚ್ಚೇ, ಆದರೂ ಹಾಗೆ ಹೇಳುವುದಕ್ಕೆ ಕಾರಣವಿದೆ.

ಮೊದಲು ಸುಲಭದ ಮಾತು. ನೀವು ಬರೆದದ್ದು ಜನರಲ್ ಟ್ರೇನಿಂಗ್. ಎಕ್ಸ್‌ಪ್ರೆಸ್ ಎಂಟ್ರಿ ಕೇಳುವುದು ಅದನ್ನೇ. ಅಲ್ಲಿ ಅಕಾಡೆಮಿಕ್ ಪರೀಕ್ಷೆಯಲ್ಲಿ 8.5 ಬಂದಿದ್ದರೂ ಲೆಕ್ಕಕ್ಕಿಲ್ಲ. ಮಾಸ್ಟರ್ಸ್ ಪ್ರವೇಶಕ್ಕೆ ಅಕಾಡೆಮಿಕ್ ಬೇಕು, ಜನರಲ್ ಅನ್ನು ಅವರು ಪಕ್ಕಕ್ಕಿಡುತ್ತಾರೆ. ಲಿಸನಿಂಗ್ ಮತ್ತು ಸ್ಪೀಕಿಂಗ್ ಎರಡರಲ್ಲೂ ಒಂದೇ ಬಗೆ. ರೀಡಿಂಗ್ ಮತ್ತು ರೈಟಿಂಗ್ ಮಾತ್ರ ಬೇರೆ. ಜನರಲ್‌ನಲ್ಲಿ ಪತ್ರ ಬರೆಯುವ ಕಡೆ ಅಕಾಡೆಮಿಕ್‌ನಲ್ಲಿ ನಕ್ಷೆಯನ್ನೋ ಕೋಷ್ಟಕವನ್ನೋ ವಿವರಿಸಬೇಕು. ಹಾಗಾಗಿ ಎರಡನ್ನೂ ಕೆಲವೇ ವಾರಗಳ ಅಂತರದಲ್ಲಿ ಬರೆದರೆ ಅರ್ಧ ತಯಾರಿ ಉಳಿಯುತ್ತದೆ.

ಈಗ ಎರಡು ವರ್ಷದ ವಿಚಾರ. ‘ಐಇಎಲ್‌ಟಿಎಸ್ ಎರಡು ವರ್ಷ ನಡೆಯುತ್ತದೆ’ ಎಂದು ಎಲ್ಲರೂ ಹೇಳುತ್ತಾರೆ. ಎಂದಿನಿಂದ ಎಂದಿನವರೆಗೆ ಎಂಬುದನ್ನು ಕೇಳುವವರು ಕಡಿಮೆ. ನಿಮ್ಮ ಅಂಕಪಟ್ಟಿಯನ್ನು ಕೈಗೆ ತೆಗೆದುಕೊಳ್ಳಿ. ಅದನ್ನು ಟಿಆರ್‌ಎಫ್ ಎನ್ನುತ್ತಾರೆ. ಮೇಲ್ಭಾಗದಲ್ಲಿರುವ ದಿನಾಂಕ ನೀವು ಪರೀಕ್ಷೆ ಬರೆದ ದಿನ. ಕೆಳಗೆ ಸಹಿ, ಮುದ್ರೆಗಳ ಬಳಿ ಇರುವ ದಿನಾಂಕ ಬೇರೆ, ಅದು ಕೆಲವು ದಿನ ಮುಂದಿನದು. ಪರೀಕ್ಷೆ ನಡೆಸುವವರು ಎರಡು ವರ್ಷವನ್ನು ಮೇಲಿನ ದಿನಾಂಕದಿಂದ ಎಣಿಸುತ್ತಾರೆ. ಕೆನಡಾ ವಲಸೆ ಇಲಾಖೆಯ ಸೂಚನೆಯಲ್ಲಿ ಫಲಿತಾಂಶದ ದಿನದಿಂದ ಎರಡು ವರ್ಷ ಎಂಬ ಮಾತಿದೆ. ಅಂದರೆ ಕೆಲವು ದಿನ ಹೆಚ್ಚು ಸಿಕ್ಕಂತೆ ಕಾಣುತ್ತದೆ. ಆ ಸಡಿಲವನ್ನು ಕೊನೆಯ ಗಳಿಗೆಯ ಉಪಾಯವಾಗಿ ಇಟ್ಟುಕೊಳ್ಳಬೇಡಿ. ನಿಮ್ಮ ಪಾಲಿಗೆ ಕೊನೆಯ ದಿನ 2026ರ ನವೆಂಬರ್ 22 ಎಂದೇ ಬರೆದಿಟ್ಟುಕೊಳ್ಳಿ.

ಎಣಿಕೆ ಎಲ್ಲಿಂದ ಶುರುವಾಗುತ್ತದೆ ಎಂಬುದರಲ್ಲಿ ತಪ್ಪಿದರೆ ಹೋಗುವುದು ಕೆಲವೇ ದಿನ. ಎಲ್ಲಿಗೆ ಮುಗಿಯುತ್ತದೆ ಎಂಬುದರಲ್ಲಿ ತಪ್ಪಿದರೆ ತಿಂಗಳುಗಳೇ ಹೋಗುತ್ತವೆ. ಆ ಕೊನೆಯನ್ನು ನಿರ್ಧರಿಸುವವರು ಪರೀಕ್ಷೆ ನಡೆಸಿದವರಲ್ಲ, ಅಂಕ ಪಡೆಯುವವರು. ಆಸ್ಟ್ರೇಲಿಯಾವನ್ನೇ ನೋಡಿ. ಅಲ್ಲಿನ ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕುವ ದಿನಕ್ಕೆ ಪರೀಕ್ಷೆ ಎರಡು ವರ್ಷಕ್ಕಿಂತ ಹಳೆಯದಾಗಿರಬಾರದು. ಆದರೆ ಅದೇ ದೇಶದ ನುರಿತ ಕೆಲಸಗಾರರ 189ನೇ ವೀಸಾಕ್ಕೆ, ಆಹ್ವಾನ ಬಂದ ದಿನಕ್ಕೆ ಹಿಂದಿನ ಮೂರು ವರ್ಷಗಳೊಳಗೆ ಬರೆದಿದ್ದರೆ ಆಯಿತು. ಒಂದೇ ಕಾಗದ, ಒಂದೇ ಇಲಾಖೆ, ಒಂದು ಕಿಟಕಿಯಲ್ಲಿ ಸತ್ತದ್ದು ಇನ್ನೊಂದರಲ್ಲಿ ಬದುಕಿರುತ್ತದೆ. ವಿಶ್ವವಿದ್ಯಾಲಯಗಳೂ ಹೀಗೆಯೇ. ಕೆಲವು ಅರ್ಜಿ ಹಾಕಿದ ದಿನವನ್ನು ನೋಡುತ್ತವೆ, ಕೆಲವು ಅರ್ಜಿಯ ಗಡುವನ್ನು, ಇನ್ನು ಹಲವು ತರಗತಿ ಆರಂಭವಾಗುವ ದಿನವನ್ನು. ಕೊನೆಯ ಬಗೆಯವು ಕಟ್ಟುನಿಟ್ಟು. ಮುಂದಿನ ವರ್ಷದ ಸೆಪ್ಟೆಂಬರ್‌ನಲ್ಲಿ ತರಗತಿ ಶುರುವಾಗುವುದಾದರೆ, 2025ರ ಆಗಸ್ಟ್‌ನಲ್ಲಿ ಬರೆದದ್ದು ಡಿಸೆಂಬರ್‌ನಲ್ಲಿ ಅರ್ಜಿ ಹಾಕುವಾಗ ಚೆನ್ನಾಗಿಯೇ ಇದ್ದು, ಸೇರುವ ಹೊತ್ತಿಗೆ ಹಳಸಿರುತ್ತದೆ. ಆದ್ದರಿಂದ ಪ್ರವೇಶದ ಪುಟದಲ್ಲಿ ‘ಎರಡು ವರ್ಷ’ ಎಂಬಷ್ಟನ್ನೇ ಓದಿ ನಿಲ್ಲಿಸದೆ, ಅದರ ಮುಂದಿನ ನಾಲ್ಕು ಪದಗಳನ್ನೂ ಓದಿ.

ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಅಂಕಪಟ್ಟಿ ಎರಡು ಸಂದರ್ಭಗಳಲ್ಲಿ ಜೀವಂತವಾಗಿರಬೇಕು: ಪ್ರೊಫೈಲ್ ಮಾಡುವಾಗ, ಮತ್ತು ಕಾಯಂ ನಿವಾಸಕ್ಕೆ ಪೂರ್ತಿ ಅರ್ಜಿಯನ್ನು ಸಲ್ಲಿಸುವ ದಿನ. ಸಲ್ಲಿಸಿದ ಮರುದಿನವೇ ಅವಧಿ ಮುಗಿದರೂ ತೊಂದರೆಯಿಲ್ಲ, ಅರ್ಜಿ ಅವರ ಬಳಿ ಎಷ್ಟು ತಿಂಗಳು ಕುಳಿತರೂ ಪರೀಕ್ಷೆಯನ್ನು ಮತ್ತೆ ಬರೆಸುವುದಿಲ್ಲ. ಪೆಟ್ಟು ಬೀಳುವುದು ಆಹ್ವಾನಕ್ಕೂ ಸಲ್ಲಿಕೆಗೂ ನಡುವೆ. ಆಹ್ವಾನ ಬಂದ ಮೇಲೆ ಅರ್ಜಿಗೆ 60 ದಿನ ಕೊಡುತ್ತಾರೆ. ಈ 60 ದಿನ ಅಂಕಪಟ್ಟಿಯ ಆಯುಷ್ಯವನ್ನು ಎಳೆಯುವುದಿಲ್ಲ.

ನಿಮ್ಮ ಲೆಕ್ಕವನ್ನೇ ಮಾಡೋಣ. ಅಕ್ಟೋಬರ್ 15ರಂದು ಆಹ್ವಾನ ಬಂತು ಎಂದುಕೊಳ್ಳಿ. ಕಾಗದದ ಮೇಲೆ ನಿಮಗೆ ಡಿಸೆಂಬರ್ 14ರವರೆಗೆ ಸಮಯವಿದೆ. ಆದರೆ ಅಂಕಪಟ್ಟಿ ನವೆಂಬರ್ 22ಕ್ಕೆ ಮುಗಿಯುವುದರಿಂದ ನಿಜವಾಗಿ ಉಳಿಯುವುದು 38 ದಿನ. ಅಷ್ಟರೊಳಗೆ ಪಾಸ್‌ಪೋರ್ಟ್ ಸೇವಾ ಮೂಲಕ ಪೊಲೀಸ್ ಪ್ರಮಾಣಪತ್ರ ಬರಬೇಕು, ವೈದ್ಯಕೀಯ ತಪಾಸಣೆ ಮುಗಿಯಬೇಕು, ಎಲ್ಲಕ್ಕಿಂತ ನಿಧಾನದ್ದಾದ ಕಂಪನಿಯ ಅನುಭವ ಪತ್ರ ಸಿಗಬೇಕು. ಅದರಲ್ಲಿ ಹುದ್ದೆ ಮಾತ್ರವಲ್ಲ, ಕೆಲಸದ ವಿವರ, ವಾರದ ಗಂಟೆಗಳು, ಸಂಬಳ ಎಲ್ಲವೂ ಇರಬೇಕು. ಹಾಗೆ ಬರೆದುಕೊಡಿ ಎಂದರೆ ಮಾನವ ಸಂಪನ್ಮೂಲ ವಿಭಾಗದವರು ‘ನಮ್ಮ ನಮೂನೆಯಲ್ಲಿ ಇಲ್ಲ’ ಎನ್ನುವುದು ವಾಡಿಕೆ. ಸೆಪ್ಟೆಂಬರ್ 23ರ ನಂತರ ಯಾವ ದಿನ ಆಹ್ವಾನ ಬಂದರೂ ನಿಮಗೆ ಪೂರ್ತಿ 60 ದಿನ ಸಿಗುವುದಿಲ್ಲ. ಆಹ್ವಾನ ಬಂದ ಮೇಲೆ ಪರೀಕ್ಷೆಯನ್ನು ಮತ್ತೆ ಬರೆದು, ಅಂಕ ಕಡಿಮೆಯಾಗಿ, ಅದರಿಂದ ಪ್ರೊಫೈಲ್‌ನ ಒಟ್ಟು ಅಂಕ ಆ ಸುತ್ತಿನಲ್ಲಿ ಆಹ್ವಾನಕ್ಕೆ ಬೇಕಿದ್ದ ಕನಿಷ್ಠ ಅಂಕಕ್ಕಿಂತ ಕೆಳಗಿಳಿದರೆ ಆಹ್ವಾನವೇ ಕೈತಪ್ಪುತ್ತದೆ. ಹಾಗಾದಾಗ 60 ದಿನ ಕಳೆಯಲು ಬಿಡದೆ ಆಹ್ವಾನವನ್ನು ನೀವೇ ನಿರಾಕರಿಸಿದರೆ ಮತ್ತೆ ಸರದಿಗೆ ಮರಳುವ ದಾರಿಯಿದೆ. ಸುಮ್ಮನೆ ಬಿಟ್ಟರೆ ಪ್ರೊಫೈಲ್ ಹೋಗುತ್ತದೆ, ಹೊಸದಾಗಿ ಮಾಡಬೇಕು.

ಅವಧಿಯ ಮಾತನ್ನು ಬದಿಗಿಟ್ಟರೂ ನೀವು ಮತ್ತೆ ಬರೆಯಲೇಬೇಕು ಎಂದು ನಾನು ಹೇಳುವುದು ನಿಮ್ಮ ರೈಟಿಂಗ್‌ನ 6.5 ನೋಡಿ. ಕೆನಡಾ ಬ್ಯಾಂಡ್‌ಗಳನ್ನು ತನ್ನದೇ ಅಳತೆಗೆ, ಸಿಎಲ್‌ಬಿಗೆ, ಬದಲಾಯಿಸಿಕೊಳ್ಳುತ್ತದೆ. ನಿಮ್ಮ ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್ ಮೂರೂ ಸಿಎಲ್‌ಬಿ 9. ರೈಟಿಂಗ್‌ಗೆ 9 ಸಿಗಲು 7 ಬೇಕು, 6.5 ಇದ್ದರೆ 8. ಇದರಿಂದ ಪ್ರೊಫೈಲ್‌ನ ಒಟ್ಟು ಅಂಕದಲ್ಲಿ ರೈಟಿಂಗ್‌ಗೆ ಸಿಗುವ ಪಾಲು 31ರ ಬದಲು 23. ಎಂಟು ಅಂಕ ತಾನೇ ಎಂದು ಬಿಟ್ಟವರನ್ನು ನೋಡಿದ್ದೇನೆ. ನಷ್ಟ ಅಷ್ಟಕ್ಕೆ ನಿಲ್ಲುವುದಿಲ್ಲ. ಪದವಿ ಮತ್ತು ಭಾಷೆ, ಹೊರದೇಶದ ಅನುಭವ ಮತ್ತು ಭಾಷೆ, ಹೀಗೆ ಜೋಡಿಗಳಿಗೆ ಬೇರೆ ಅಂಕಗಳಿವೆ. ಅಲ್ಲಿ ನಾಲ್ಕೂ ವಿಭಾಗಗಳಲ್ಲಿ 9 ಇದ್ದರೆ ಮಾತ್ರ ಪೂರ್ತಿ ಸಿಗುತ್ತದೆ. ಒಂದರಲ್ಲಿ 8 ಇದ್ದರೂ ಕೆಳಗಿನ ಮೆಟ್ಟಿಲು. ಒಂದು ಪದವಿಯಿರುವ ನಿಮಗೆ ಮೊದಲ ಜೋಡಿಯಲ್ಲಿ ಈಗ 13, ಆಗ 25. ಕೆನಡಾದ ಹೊರಗೆ ಮೂರು ವರ್ಷಕ್ಕಿಂತ ಹೆಚ್ಚಿನ ಅನುಭವವಿರುವುದರಿಂದ ಎರಡನೆಯದರಲ್ಲಿ ಈಗ 25, ಆಗ 50. ಎಂಟನ್ನೂ ಸೇರಿಸಿದರೆ ಒಟ್ಟು 45 ಅಂಕ. ಅರ್ಧ ಬ್ಯಾಂಡ್‌ಗೆ 45 ಅಂಕ ಕೊಡುವ ಇನ್ನೊಂದು ಜಾಗ ನಿಮ್ಮ ಪ್ರೊಫೈಲ್‌ನಲ್ಲಿ ಇಲ್ಲ. ಆಹ್ವಾನ ಬಾರದಿರುವುದಕ್ಕೆ ಕಾರಣವನ್ನು ಬೇರೆಲ್ಲೂ ಹುಡುಕಬೇಡಿ.

ಹಾಗಿದ್ದರೆ ಯಾವಾಗ? ಹಳೆಯದು ಇನ್ನೂ ಚಾಲ್ತಿಯಲ್ಲಿರುವಾಗಲೇ. ಹೊಸ ಪರೀಕ್ಷೆಯಲ್ಲಿ ಅಂಕ ಕುಸಿದರೆ, ಪ್ರೊಫೈಲ್‌ನಲ್ಲಿ ಹಳೆಯದನ್ನೇ ಇಟ್ಟುಕೊಳ್ಳಬಹುದು. ಅವಧಿ ಮುಗಿದ ಮೇಲೆ ಬರೆದರೆ ಬಂದದ್ದೇ ಗತಿ. ಆದರೆ ಹಳೆಯದರ ಲಿಸನಿಂಗ್ ಮತ್ತು ಹೊಸದರ ರೈಟಿಂಗ್ ಎಂದು ಆರಿಸಿ ಜೋಡಿಸುವಂತಿಲ್ಲ, ನಾಲ್ಕೂ ಒಂದೇ ಪರೀಕ್ಷೆಯವಾಗಿರಬೇಕು. ಒಂದೇ ವಿಭಾಗವನ್ನು ಮತ್ತೆ ಬರೆಯುವ ಸೌಲಭ್ಯ ಐಇಎಲ್‌ಟಿಎಸ್‌ನಲ್ಲಿದೆ ಎಂದು ನೀವು ಕೇಳಿರಬಹುದು. ಅದಕ್ಕೆ ಮೂಲ ಪರೀಕ್ಷೆಯಿಂದ 60 ದಿನಗಳ ಮಿತಿಯಿದೆ, ನಿಮ್ಮದು ಎಂದೋ ದಾಟಿದೆ. ಮುಂದಿನ ಪರೀಕ್ಷೆಗೂ, ಕೆನಡಾ ವಲಸೆಯ ಮಟ್ಟಿಗೆ ಅದನ್ನು ನೆಚ್ಚಬೇಡಿ.

ಜನರಲ್ ಪರೀಕ್ಷೆಯನ್ನು ಆಗಸ್ಟ್ 8ರ ಆಸುಪಾಸಿಗೆ ಇಟ್ಟುಕೊಳ್ಳಿ. ಆರು ವಾರ ರೈಟಿಂಗ್ ಒಂದಕ್ಕೇ ದುಡಿಯಲು ಸಮಯ ಸಿಗುತ್ತದೆ. ಕಂಪ್ಯೂಟರ್‌ನಲ್ಲಿ ಬರೆದರೆ ಫಲಿತಾಂಶ ಸಾಮಾನ್ಯವಾಗಿ ಐದು ದಿನಗಳೊಳಗೆ ಬರುತ್ತದೆ. ಬೇರೆಲ್ಲ ಮೇಲೇರಿ ರೈಟಿಂಗ್ ಮತ್ತೆ 6.5ಕ್ಕೇ ನಿಂತರೆ ಮರುಮೌಲ್ಯಮಾಪನ ಕೇಳುವುದು ದಂಡವಲ್ಲ. ಪರೀಕ್ಷೆಯ ದಿನದಿಂದ ಆರು ವಾರಗಳೊಳಗೆ ಕೇಳಬೇಕು, ಉತ್ತರಕ್ಕೆ 21 ದಿನಗಳವರೆಗೂ ಹಿಡಿಯಬಹುದು. ಅಂಕ ಬದಲಾದರೆ ಶುಲ್ಕ ವಾಪಸ್ ಬರುತ್ತದೆ. ಇಷ್ಟೆಲ್ಲ ಮುಗಿದರೂ ಸೆಪ್ಟೆಂಬರ್ ಮೊದಲ ವಾರ. ಇನ್ನೊಂದು ಸಲ ಬರೆಯಲೂ ಜಾಗವಿರುತ್ತದೆ, ಹಳೆಯ ಅಂಕಪಟ್ಟಿಯೂ ಕೈಯಲ್ಲಿರುತ್ತದೆ. ಹೊಸ ಫಲಿತಾಂಶ ಬಂದ ದಿನವೇ ಪ್ರೊಫೈಲ್‌ನಲ್ಲಿ ಅದನ್ನು ತುಂಬಿ. ತಾನಾಗಿಯೇ ಸೇರಿಕೊಳ್ಳುತ್ತದೆ ಎಂದು ಕಾಯುವವರೂ ಇದ್ದಾರೆ, ಅದು ಸೇರುವುದಿಲ್ಲ.

ಕಳುಹಿಸುವ ವಿಷಯ. ಎಕ್ಸ್‌ಪ್ರೆಸ್ ಎಂಟ್ರಿಗೆ ಐಇಎಲ್‌ಟಿಎಸ್‌ನವರಿಂದ ಏನೂ ಹೋಗಬೇಕಾಗಿಲ್ಲ. ಪ್ರೊಫೈಲ್‌ನಲ್ಲಿ ಟಿಆರ್‌ಎಫ್ ಸಂಖ್ಯೆ, ದಿನಾಂಕ ಮತ್ತು ಅಂಕಗಳನ್ನು ನೀವೇ ತುಂಬುತ್ತೀರಿ. ಆಹ್ವಾನ ಬಂದ ಮೇಲೆ ಅಂಕಪಟ್ಟಿಯ ಸ್ಕ್ಯಾನ್ ಪ್ರತಿಯನ್ನು ಏರಿಸುತ್ತೀರಿ. ಅಧಿಕಾರಿಗಳು ಆ ಸಂಖ್ಯೆಯಿಂದ ನೇರವಾಗಿ ತಾಳೆ ನೋಡಿಕೊಳ್ಳುತ್ತಾರೆ. ಉಚಿತವಾಗಿ ಕಳುಹಿಸಬಹುದಾದ ಐದು ಸಂಸ್ಥೆಗಳ ಪಟ್ಟಿಯಲ್ಲಿ ವಲಸೆ ಇಲಾಖೆಯನ್ನು ಸೇರಿಸಿ ಒಂದು ಅವಕಾಶವನ್ನು ಹಾಳು ಮಾಡಿಕೊಳ್ಳಬೇಡಿ.

ವಿಶ್ವವಿದ್ಯಾಲಯದ್ದು ತದ್ವಿರುದ್ಧ. ಅರ್ಜಿಯ ಜೊತೆ ನೀವು ಏರಿಸುವ ಪ್ರತಿ ಮೊದಲ ಪರಿಶೀಲನೆಗೆ ಹಲವೆಡೆ ಸಾಕು, ಆದರೆ ಅಧಿಕೃತ ಅಂಕ ಪರೀಕ್ಷಾ ಸಂಸ್ಥೆಯಿಂದಲೇ ವಿದ್ಯುನ್ಮಾನ ಮಾರ್ಗದಲ್ಲಿ ಅವರಿಗೆ ತಲುಪಬೇಕು. ಐದು ಸಂಸ್ಥೆಗಳನ್ನು ನೋಂದಣಿಯ ಸಮಯದಲ್ಲೇ ಆರಿಸಬಹುದು, ಆರನೆಯದಕ್ಕೆ ಹಣ. ಆರಿಸುವಾಗ ಒಂದು ಎಚ್ಚರ ಬೇಕು. ಒಂದೇ ವಿಶ್ವವಿದ್ಯಾಲಯದ ಹೆಸರು ಪಟ್ಟಿಯಲ್ಲಿ ಹಲವು ಸಲ ಇರುತ್ತದೆ, ಪದವಿಗೆ ಒಂದು, ಸ್ನಾತಕೋತ್ತರಕ್ಕೆ ಒಂದು, ಕೆಲವೊಮ್ಮೆ ನಿರ್ದಿಷ್ಟ ವಿಭಾಗಕ್ಕೆ ಇನ್ನೊಂದು. ಸ್ನಾತಕೋತ್ತರ ಕಚೇರಿಗೆ ಹೋಗಬೇಕಾದದ್ದು ಪದವಿ ಕಚೇರಿಗೆ ಹೋದರೆ ಅಲ್ಲಿಂದ ಇಲ್ಲಿಗೆ ಯಾರೂ ಹೊತ್ತು ತರುವುದಿಲ್ಲ.

ಕಳುಹಿಸಿದ್ದು ತಲುಪಿದೆ, ಆದರೂ ಅರ್ಜಿಯ ಪುಟದಲ್ಲಿ ವಾರಗಟ್ಟಲೆ ‘Not Received’ ಎಂದೇ ತೋರಿಸುತ್ತಿದೆ ಎಂಬ ದೂರು ನಮ್ಮ ಕಡೆಯವರಿಂದ ಬಹಳ ಬರುತ್ತದೆ. ಕಾರಣ ಹೆಚ್ಚಾಗಿ ಹೆಸರು. ನಮ್ಮಲ್ಲಿ ಎಸ್ಸೆಸ್ಸೆಲ್ಸಿಯಿಂದ ಇಂಜಿನಿಯರಿಂಗ್‌ವರೆಗಿನ ಅಂಕಪಟ್ಟಿಗಳಲ್ಲಿ ‘ಕಾವ್ಯಾ ಎಸ್.’ ಎಂದಿರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಆ ಎಸ್ ತಂದೆಯ ಪೂರ್ತಿ ಹೆಸರಾಗಿ ಬಿಚ್ಚಿಕೊಂಡಿರುತ್ತದೆ, ಅಥವಾ ಮನೆತನದ ಹೆಸರಿನ ಜಾಗ ಖಾಲಿಯೇ ಇರುತ್ತದೆ. ಐಇಎಲ್‌ಟಿಎಸ್ ಪಾಸ್‌ಪೋರ್ಟ್ ನೋಡಿ ಹೆಸರು ಹಾಕುತ್ತದೆ, ನೀವು ಅರ್ಜಿಯಲ್ಲಿ ಅಂಕಪಟ್ಟಿ ನೋಡಿ ಹಾಕಿರುತ್ತೀರಿ. ಎರಡನ್ನೂ ಒಂದುಗೂಡಿಸುವ ಕಂಪ್ಯೂಟರ್‌ಗೆ ಇಬ್ಬರು ಬೇರೆ ಬೇರೆ ಹುಡುಗಿಯರು ಕಾಣುತ್ತಾರೆ. ಅರ್ಜಿಯಲ್ಲಿ ಹೆಸರನ್ನು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ, ಅದೇ ಅನುಕ್ರಮದಲ್ಲಿ ಬರೆಯಿರಿ. ಕಾಲೇಜಿನ ದಾಖಲೆಯಲ್ಲಿರುವ ಹೆಸರಿಗೆ ಬೇರೆ ಜಾಗ ಕೊಟ್ಟಿದ್ದರೆ ಅಲ್ಲಿ ಅದನ್ನು ಹಾಕಿ. ಆದರೂ ಸಿಕ್ಕಿಹಾಕಿಕೊಂಡರೆ ಹಣ ಕಟ್ಟಿ ಮತ್ತೆ ಕಳುಹಿಸಲು ಹೋಗಬೇಡಿ, ಎರಡನೆಯದೂ ಅದೇ ಹೆಸರಿನಲ್ಲಿ ಹೋಗಿ ಅದೇ ಮೂಲೆಗೆ ಬೀಳುತ್ತದೆ. ಸ್ನಾತಕೋತ್ತರ ಪ್ರವೇಶ ಕಚೇರಿಗೆ ಅರ್ಜಿ ಸಂಖ್ಯೆ, ಟಿಆರ್‌ಎಫ್ ಸಂಖ್ಯೆ, ಜನ್ಮದಿನಾಂಕ ಮತ್ತು ಎರಡೂ ಬಗೆಯ ಹೆಸರನ್ನು ಬರೆದು ಒಂದು ಇಮೇಲ್ ಮಾಡಿ. ಯಾರೋ ಒಬ್ಬರು ಕೈಯಿಂದ ಜೋಡಿಸಬೇಕಾದ ಕೆಲಸ ಅದು, ಅಷ್ಟು ವಿವರ ಸಿಕ್ಕರೆ ಅವರು ಜೋಡಿಸುತ್ತಾರೆ.

ಅಕಾಡೆಮಿಕ್ ಪರೀಕ್ಷೆಯ ದಿನವನ್ನು ಗಡುವಿನಿಂದ ಹಿಂದಕ್ಕೆ ಎಣಿಸಿ ನಿರ್ಧರಿಸಿ. ಸೆಪ್ಟೆಂಬರ್‌ಗೆ ಆರಂಭವಾಗುವ ಮಾಸ್ಟರ್ಸ್‌ಗಳಿಗೆ ಅರ್ಜಿ ಹೆಚ್ಚಾಗಿ ಹಿಂದಿನ ಡಿಸೆಂಬರ್, ಜನವರಿಯ ಸುಮಾರಿಗೆ ಮುಗಿಯುತ್ತದೆ. ನಿಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲ ಗಡುವು ಡಿಸೆಂಬರ್ 15 ಎಂದಿಟ್ಟುಕೊಳ್ಳಿ. ಆ ದಿನಕ್ಕೆ ಅಂಕ ‘ತಲುಪಿರಬೇಕೇ’ ಅಥವಾ ಅರ್ಜಿ ಹಾಕಿದರೆ ಸಾಕೇ ಎಂದು ಮೊದಲು ನೋಡಿ. ತಲುಪಿರಬೇಕು ಎಂದಾದರೆ, ಅವರ ಕಡೆ ದಾಖಲಾಗಲು ಎರಡು ವಾರ ಬಿಡಿ, ನವೆಂಬರ್ ಕೊನೆಗೆ ಬಂದಿರಿ. ಹೆಸರಿನಂಥ ತೊಡಕು ಬಿಡಿಸಲು ಇನ್ನೆರಡು ವಾರ ಹಿಡಿಯಿರಿ, ನವೆಂಬರ್ ಮಧ್ಯ. ಕಳುಹಿಸುವುದಕ್ಕೂ ಫಲಿತಾಂಶಕ್ಕೂ ಮೂರು ವಾರ ಎಂದರೆ ಎರಡನೇ ಪ್ರಯತ್ನ ಅಕ್ಟೋಬರ್ 24ರ ಸುಮಾರಿಗೆ ಮುಗಿದಿರಬೇಕು. ಅದಕ್ಕೆ ನಾಲ್ಕು ವಾರ ಮೊದಲು, ಸೆಪ್ಟೆಂಬರ್ 26ರ ಹೊತ್ತಿಗೆ, ಮೊದಲ ಪ್ರಯತ್ನ. ಆಗ ಬರೆದದ್ದು 2028ರ ಸೆಪ್ಟೆಂಬರ್‌ವರೆಗೆ ಇರುತ್ತದೆ, ತರಗತಿ ಆರಂಭದ ದಿನವನ್ನು ನೋಡುವ ವಿಶ್ವವಿದ್ಯಾಲಯಕ್ಕೂ ಸಾಕು. ಆಗಸ್ಟ್‌ನ ಜನರಲ್‌ಗೆ ಮಾಡಿದ ಲಿಸನಿಂಗ್, ಸ್ಪೀಕಿಂಗ್ ಅಭ್ಯಾಸವೂ ಆರಿರುವುದಿಲ್ಲ. ಶನಿವಾರದ ಜಾಗಗಳು ಬೇಗ ತುಂಬುತ್ತವೆ, ಸೆಪ್ಟೆಂಬರ್‌ನ ದಿನವನ್ನು ಜುಲೈನಲ್ಲೇ ಕಾಯ್ದಿರಿಸಿ.

ಈ ಎಲ್ಲದಕ್ಕಿಂತ ಮೊದಲು ಪಾಸ್‌ಪೋರ್ಟ್‌ನ ಕೊನೆಯ ದಿನಾಂಕವನ್ನು ನೋಡಿಕೊಳ್ಳಿ. ಭಾರತದಲ್ಲಿ ಈ ಪರೀಕ್ಷೆಗೆ ಗುರುತಿನ ದಾಖಲೆ ಪಾಸ್‌ಪೋರ್ಟ್, ಅದರ ಸಂಖ್ಯೆಯೇ ಅಂಕಪಟ್ಟಿಗೆ ಹೋಗುತ್ತದೆ. ಮುಂದಿನ ವರ್ಷ ಮುಗಿಯುವಂತಿದ್ದರೆ ಈಗಲೇ ನವೀಕರಿಸಿ, ಹೊಸ ಸಂಖ್ಯೆಯಲ್ಲೇ ನೋಂದಾಯಿಸಿ. ಹೆಸರಿನ ಭಾಗಗಳನ್ನು ಸರಿಪಡಿಸುವುದಿದ್ದರೂ ಅದು ಈಗಲೇ ಆಗಬೇಕು, ಎರಡು ಪರೀಕ್ಷೆಗಳ ನಡುವೆ ಅಲ್ಲ. ನೋಂದಣಿಯ ನಂತರ ಪಾಸ್‌ಪೋರ್ಟ್ ಬದಲಾದರೆ ಪರೀಕ್ಷೆಗೆ ಮೊದಲೇ ಕೇಂದ್ರಕ್ಕೆ ತಿಳಿಸಿ. ಪರೀಕ್ಷೆಯ ನಂತರ ಬದಲಾದರೆ ಹಳೆಯದನ್ನು ಎಸೆಯದೆ ಇಟ್ಟುಕೊಂಡು, ಕಾಯಂ ನಿವಾಸದ ಅರ್ಜಿಯಲ್ಲಿ ಎರಡರ ಪ್ರತಿಗಳನ್ನೂ ಹಚ್ಚಿ, ಸಂಖ್ಯೆ ಬೇರೆಯಾಗಿರುವುದಕ್ಕೆ ನಾಲ್ಕು ಸಾಲಿನ ವಿವರಣೆ ಬರೆಯಿರಿ.